ಎಂಟನೇ ಮೇಲ್

ನನ್ನ ಭಾವನಿಗೆ ಒಂದೇ ಮಾತು ಎರಡು ಸಲ ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಅಕ್ಕ ಏನಾದರೂ ಮತ್ತೊಮ್ಮೆ ಹೇಳಿದರೆ "ಆಯ್ತು, ಕೇಳಿಸ್ತು" ಎಂದು ತಟ್ಟೆ ಮುಂದಿನಿಂದ ಏಳುವ ಮನುಷ್ಯ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ಅನುವಾದದ ಕಚೇರಿ ಇದೆ. ಅಲ್ಲಿ ಅನುವಾದ ಮಾಡುವವಳು ನಾನು, ಅದರ ಮೇಲೆ ಸೀಲು ಒತ್ತುವವರು ಅವರು.

ಮೇಲ್‌ಗಳ ಸರಪಳಿ ಬಂತೆಂದರೆ ಭಾವನ ಈ ಕಾಯಿಲೆ ಉಲ್ಬಣಿಸುತ್ತದೆ. ಪ್ರತಿ ಉತ್ತರದ ಕೆಳಗೂ ಹಿಂದಿನ ಮೇಲ್‌ಗಳೆಲ್ಲ ಬಾಲದ ಹಾಗೆ ಅಂಟಿಕೊಂಡಿರುತ್ತವೆ. ಹತ್ತೊಂಬತ್ತು ಮೇಲ್‌ಗಳ ಸರಪಳಿಯಲ್ಲಿ ಮೊದಲನೆಯದು ಹತ್ತೊಂಬತ್ತು ಸಲವೂ ಬಂದೀತು. ಭಾವ "ಅದೇ ಅದೇ" ಎನ್ನುತ್ತಾ ಕೂತು, ಪ್ರತಿ ಮೇಲ್‌ನ ಒಂದೇ ಒಂದು ಪ್ರತಿ ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತಾರೆ. ಒಂದು ಪ್ರತಿ ಚಿಕ್ಕದು, ಇನ್ನೊಂದು ಉದ್ದ ಇದ್ದರೆ ಉದ್ದದ್ದೇ ಪೂರ್ತಿ ಇರಬೇಕು ಎಂದು ಅದನ್ನಿಡುತ್ತಾರೆ. ಆಮೇಲೆ ಬರೆದವರ ಹೆಸರು, ದಿನ, ಗಂಟೆ, ಮಾತು ಎಂದು ನಾಲ್ಕು ಕಾಲಮ್ಮಿನ ಪಟ್ಟಿ ಮಾಡಿ ನನ್ನ ಕೈಗೆ ಕೊಡುತ್ತಾರೆ. ನಾನೂ ಇಷ್ಟು ವರ್ಷ ಅದನ್ನು ಉಪಕಾರವೆಂದೇ ತಿಳಿದಿದ್ದೆ, ನನ್ನ ಬುದ್ಧಿಗಿಷ್ಟು!

ಆ ಪಟ್ಟಿ ಮುಂದಿಟ್ಟುಕೊಂಡು ಒಂದು ಸೋಮವಾರ ಕಾರ್ಖಾನೆಯ ಮೀಟಿಂಗ್ ಕೋಣೆಯಲ್ಲಿ ವಿಚಾರಣೆ ನಡೆಯಿತು. ಉದ್ದನೆಯ ಮೇಜು, ಗೋಡೆಗೆ ದೊಡ್ಡ ಟಿವಿ, ಕಿಟಕಿಯಾಚೆ ತಗಡು ಒತ್ತುವ ಪ್ರೆಸ್‌ಗಳ ಧಡ್ ಧಡ್. ವಿಚಾರಣಾಧಿಕಾರಿ ಹೆಡ್ ಆಫೀಸಿನವರು, ಬಿಳಿ ಗಡ್ಡ, ನಮ್ಮ ಭಾಷೆಯ ಒಂದಕ್ಷರವೂ ಬಾರದು. ಅವರ ಪಾಲಿಗೆ ಇಲ್ಲಿನವರ ಮೇಲ್‌ಗಳೆಂದರೆ ನನ್ನ ಅನುವಾದ, ಇಲ್ಲಿನವರ ಮಾತೆಂದರೆ ನನ್ನ ಬಾಯಿ. ಅಂದು ದುಭಾಷಿಯಾಗಿ ಅವರ ಪಕ್ಕದಲ್ಲೇ ಕೂತಿದ್ದೆ. ಅನುವಾದದ ಪ್ರಮಾಣಪತ್ರಕ್ಕೆ ಸೀಲು ಒತ್ತಿದವರೆಂದು ಭಾವ ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದರು.

ಎದುರಿಗೆ ಫಿಟ್ಟರ್. ನಲವತ್ತರ ಆಸುಪಾಸಿನ ಹೆಂಗಸು, ಯಂತ್ರ ರಿಪೇರಿಯಲ್ಲಿ ಹದಿನಾರು ವರ್ಷ ಸವೆಸಿದವಳು. ಮೂರನೇ ಪ್ರೆಸ್ಸಿನ ಗಾರ್ಡು, ಅಂದರೆ ಕೈ ಒಳಗೆ ಹೋಗದಂತೆ ತಡೆಯುವ ಬಾಗಿಲು, ತೆರೆದರೆ ಯಂತ್ರ ತಾನಾಗಿ ನಿಲ್ಲಬೇಕು. ಅದನ್ನು ನಿಲ್ಲಿಸುವ ಸೆನ್ಸರನ್ನು ಯಾರೋ ಬೈಪಾಸ್ ಮಾಡಿಸಿದ್ದರು, ಅಂದರೆ ಬಾಗಿಲು ತೆರೆದರೂ ಯಂತ್ರ ಓಡುವಂತೆ ಮಾಡಿಸಿದ್ದರು. ಮೂರು ವಾರದ ಹಿಂದೆ, ಒಂದು ಗುರುವಾರ ಪ್ರೆಸ್ ಓಡಿಸುತ್ತಿದ್ದವಳ ಎರಡು ಬೆರಳು ಹೋದವು. ಬೈಪಾಸ್ ಮಾಡಲು ಹೇಳಿದ್ದು ಈ ಫಿಟ್ಟರೇ ಎಂಬುದು ಆರೋಪ. ಸಾಬೀತಾದರೆ ಕೆಲಸ ಹೋಗುತ್ತದೆ, ಮೇಲೆ ಪೊಲೀಸ್ ಕೇಸು. ಸಸ್ಪೆಂಡ್ ಮಾಡಿದ ದಿನವೇ ಅವಳ ಮೇಲ್ ಬಂದ್ ಮಾಡಿದ್ದರಿಂದ ತಾನು ಬರೆದದ್ದನ್ನು ತೋರಿಸಲೂ ಅವಳ ಹತ್ತಿರ ಏನೂ ಇರಲಿಲ್ಲ.

ಅಧಿಕಾರಿ ನನ್ನ ಅನುವಾದದ ಎಂಟನೇ ಸಾಲಿಗೆ, ಅಂದರೆ ಎಂಟನೇ ಮೇಲ್‌ಗೆ, ಬೆರಳಿಟ್ಟು ಕೇಳಿದರು. ನಾನು ಅದನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳಿದೆ.

"ಮಂಗಳವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ನೀವು ಮ್ಯಾನೇಜರಿಗೆ ಬರೆದ ಮೇಲ್ ಇದು. 'ಸೆನ್ಸರ್ ಬೈಪಾಸ್ ಮಾಡಿ ಓಡಿಸಿ' ಅಂತಿದೆ. 'ಜವಾಬ್ದಾರಿ ನನ್ನದು' ಅಂತಾನೂ ಇದೆ. ಹೌದಾ?"

"ಇಲ್ಲ. ನಾನು ಹಾಗೆ ಬರೆದೇ ಇಲ್ಲ. ಪ್ರೆಸ್ ನಿಲ್ಲಿಸಿ ಅಂತ ಬರೆದೆ."

"ನಿಲ್ಲಿಸಬೇಕು ಅಂತಾನೂ ಇದೆ. ಅದಾದ ಮೇಲೆ, ಆದರೆ ಬೈಪಾಸ್ ಮಾಡಿ ಅಂತಿದೆ."

"ಮೇಡಂ, ನಿಲ್ಲಿಸಿ ಅಂದೋಳು ಅದೇ ಉಸಿರಲ್ಲಿ ಓಡಿಸಿ ಅಂತೀನಾ? ನನಗೇನು ತಲೆ ಕೆಟ್ಟಿದ್ಯಾ?"

ಅವಳು ಇದನ್ನು ಕೇಳಿದ್ದು ಅಧಿಕಾರಿಯನ್ನಲ್ಲ, ನನ್ನನ್ನು. ಆದರೂ ದುಭಾಷಿಯ ಕೆಲಸವೆಂದು ಅದನ್ನೂ ಅನುವಾದಿಸಿದೆ. ಅಧಿಕಾರಿ ತಲೆಯಾಡಿಸಿ ಏನೋ ಬರೆದುಕೊಂಡರು. ಅವರ ಮುಖ ನೋಡಿದರೆ ಇವಳನ್ನು ಸುಳ್ಳುಗಾತಿ ಎಂದು ತೀರ್ಮಾನಿಸಿಯಾಗಿತ್ತು. ಮೇಜಿನ ಆ ಕೊನೆಯಲ್ಲಿ ಕೂತಿದ್ದ ಮ್ಯಾನೇಜರ್ ಪೆನ್ನಿನ ಕ್ಯಾಪು ತಿರುಗಿಸುತ್ತಿದ್ದ.

ಊಟಕ್ಕೆ ಬಿಡುವು ಕೊಟ್ಟರು. "ಆದರೆ" ಎನ್ನುವ ಆ ಪದ ನನ್ನ ಬೆನ್ನು ಬಿಡಲಿಲ್ಲ. ನನ್ನ ಮಟ್ಟಿಗೆ ಅದು ಹೊಸದಲ್ಲ, ಅದನ್ನು ಹಾಕಿದವಳೇ ನಾನು. ಎಂಟನೇ ಸಾಲು ಅನುವಾದಿಸುವಾಗ ಈ ಹೆಂಗಸಿನ ಮಾತು ಒಂದಕ್ಕೊಂದು ಕೂಡುತ್ತಿಲ್ಲ, ಬರವಣಿಗೆ ಬಾರದವಳು ಪಾಪ ಎಂದುಕೊಂಡು, ಒಂದು ಕಡೆ "ಆದರೆ", ಇನ್ನೊಂದು ಕಡೆ "ಹಾಗಿದ್ದರೂ" ಸೇರಿಸಿ ನುಣ್ಣಗೆ ಮಾಡಿದ್ದೆ. ನುಣ್ಣಗೆ ಬರೆಯುತ್ತಾಳೆ ಎಂಬ ಹೆಸರಿದೆಯಲ್ಲ ನನಗೆ, ಅದರ ಪೊಗರು.

ಲ್ಯಾಪ್‌ಟಾಪಿನಲ್ಲಿ ಕಂಪನಿ ಕಳಿಸಿದ ಮೂಲ ಕಡತವಿತ್ತು: ಮೇಲ್‌ಗಳನ್ನು ಕಪ್ಪುಬಿಳುಪಿನಲ್ಲಿ ಪ್ರಿಂಟ್ ತೆಗೆದು, ಆ ಹಾಳೆಗಳನ್ನು ಸ್ಕ್ಯಾನ್ ಮಾಡಿದ ಅರವತ್ತಮೂರು ಪುಟ. ಪಟ್ಟಿ ಕೈಗೆ ಬಂದ ಮೇಲೆ ಅದನ್ನು ತೆರೆಯುವ ಗೋಜಿಗೇ ಹೋಗಿರಲಿಲ್ಲ. ಕ್ಯಾಂಟೀನಿನ ಮೂಲೆಯಲ್ಲಿ ಕೂತು ತೆರೆದೆ. ಫಿಟ್ಟರಳ ಮೇಲ್ ಮೊದಲ ಸಲ, ತಾನೇ ತಾನಾಗಿ, ಇಪ್ಪತ್ತೊಂದನೇ ಪುಟದಲ್ಲಿತ್ತು. ಎಣಿಸಿದೆ, ನಾಲ್ಕೇ ವಾಕ್ಯ. ಅದೇ ಮೇಲ್ ಎರಡನೇ ಸಲ ಇಪ್ಪತ್ತಮೂರನೇ ಪುಟದಲ್ಲಿ, ಮ್ಯಾನೇಜರಿನ ಉತ್ತರದ ಕೆಳಗೆ ಬಾಲವಾಗಿ ಬಂದಿತ್ತು. ಅಲ್ಲಿ ಏಳು ವಾಕ್ಯ.

ಎರಡೂವರೆ ಗಂಟೆಯಲ್ಲಿ ಅವಳ ಮೇಲ್ ಮೂರು ವಾಕ್ಯ ಬೆಳೆದಿತ್ತು! ಮ್ಯಾನೇಜರ್ ಹನ್ನೊಂದು ನಲವತ್ತೆರಡಕ್ಕೆ, ಅವಳನ್ನು ಬಿಟ್ಟು ಶಿಫ್ಟಿನ ಸೂಪರ್‌ವೈಸರಿಗೆ ಮಾತ್ರ ಬರೆದ ಉತ್ತರ ನೋಡಿದರೆ ಒಂದೇ ಸಾಲು: "ನನ್ನ ಉತ್ತರ ಕೆಳಗೆ ನೀಲಿಯಲ್ಲಿದೆ." ಅದನ್ನೂ ಅನುವಾದಿಸಿದ್ದವಳು ನಾನೇ. ಯಾವುದೋ ಲಗತ್ತು ಬಿಟ್ಟುಹೋಗಿರಬೇಕು ಎಂದುಕೊಂಡು ಮುಂದೆ ಹೋಗಿದ್ದೆ. ಅವನು ಪ್ರತ್ಯೇಕವಾಗಿ ಉತ್ತರ ಬರೆದಿರಲಿಲ್ಲ. ಅವಳ ಮೇಲ್‌ನ ಒಳಗೇ, ಅವಳ ಸಾಲುಗಳ ನಡುವೆ, ನೀಲಿ ಬಣ್ಣದಲ್ಲಿ ತನ್ನ ಮಾತು ತುರುಕಿದ್ದ. ಕಪ್ಪುಬಿಳುಪಿನ ಪ್ರಿಂಟಿನಲ್ಲಿ ನೀಲಿ ಸತ್ತುಹೋಯಿತು. ಭಾವ ಚಿಕ್ಕ ಪ್ರತಿ ಅಳಿಸಿ ಉದ್ದದ್ದನ್ನು ಅವಳ ಹೆಸರಿನ ಮುಂದಿಟ್ಟರು. ಉಳಿದ ಬಿರುಕನ್ನು ನಾನು ಮುಚ್ಚಿದೆ. ನಾಚಿಕೆಯಿಂದ ಕಿವಿ ಕಾದುಹೋಯಿತು.

ಭಾವನನ್ನು ಕಾರಿಡಾರಿಗೆ ಕರೆದು ಎರಡೂ ಪುಟ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು, ಮುಖದ ಬಣ್ಣ ಇಳಿಯಿತು.

"ಈಗ ಬಾಯಿ ಬಿಡಬೇಡ ಕಣೆ," ಎಂದರು ಮೆಲ್ಲಗೆ. "ಮೂಲನಿಷ್ಠ ಅನುವಾದ ಅಂತ ನಿನ್ನ ಸಹಿ ಇದೆ, ನನ್ನ ಸೀಲಿದೆ. ನಮ್ಮ ಕಚೇರಿ ಮಾನ ಏನಾಗ್ಬೇಕು? ಅವಳ ಪರವಾಗಿ ಯಾರಾದ್ರೂ ಕೇಳಿದ್ರೆ ಆಗ ನೋಡೋಣ."

"ಯಾರು ಕೇಳ್ತಾರೆ ಭಾವ? ಮೂಲ ಇರೋದು ಕಂಪನಿ ಹತ್ತಿರ, ನಮ್ಮ ಹತ್ತಿರ. ಅವಳ ಹತ್ತಿರ ಏನಿದೆ?"

"ತಿದ್ದಿದ ಪ್ರತಿ ಅಂತ ಆಮೇಲೆ ಸದ್ದಿಲ್ಲದೆ ಕಳಿಸ್ತೀನಿ."

"ಆಮೇಲೆ ಅಂದ್ರೆ ಅವಳು ಜೈಲಿಗೆ ಹೋದ್ಮೇಲಾ?"

"ನಿನ್ನ ಈ ಮೆಣಸಿನಕಾಯಿ ಬುದ್ಧಿಯಿಂದ ನನ್ನ ಅಂಗಡಿ ಮುಚ್ಚಿಸ್ತೀಯ. ನಾಳೆಯಿಂದ ನಿನಗೆ ಕೆಲಸ ಇರಲ್ಲ, ಹೇಳಿರ್ತೀನಿ. ನಿನ್ನ ಅಕ್ಕನ ಮುಖ ನೋಡಿಯಾದ್ರೂ ಸುಮ್ನಿರು."

"ಅಕ್ಕನ್ನ ಮಧ್ಯೆ ತರಬೇಡಿ. ಅಕ್ಕ ಇಲ್ಲಿದ್ದಿದ್ರೆ ಮೊದಲು ನಿಮ್ಮ ಕಿವಿ ಹಿಂಡ್ತಿದ್ಲು. ಕೆಲಸ ಬೇಡ ಅಂದ್ರೆ ಬೇಡ. ನನ್ನ ಸಹಿ ಹಾಕಿದ ಸುಳ್ಳನ್ನ ನಾನೇ ವಾಪಸ್ ತಗೋತೀನಿ."

ಭಯವಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಸಿಟ್ಟು ದೊಡ್ಡದಿತ್ತು. ಭಾವನ ಮೇಲೆ, ಬೆಳಿಗ್ಗೆಯಿಂದ ಪೆನ್ನಿನ ಕ್ಯಾಪು ತಿರುಗಿಸುತ್ತಿದ್ದ ಆ ಮನುಷ್ಯನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ದುಭಾಷಿ "ನಾನು" ಎಂದರೆ ಅದು ಯಾರ ಮಾತನ್ನು ತಿರುಗಿಸುತ್ತಿದ್ದಾಳೋ ಅವರ "ನಾನು". ತನ್ನದೇ ಮಾತು ಹೇಳಬೇಕಾದರೆ "ದುಭಾಷಿ" ಎಂದೇ ಹೇಳಬೇಕು. ಕೂರದೆ, ನಿಂತೇ ಹೇಳಿದೆ, ಮೊದಲು ಅಧಿಕಾರಿಯ ಭಾಷೆಯಲ್ಲಿ, ಆಮೇಲೆ ಎಲ್ಲರಿಗೂ ತಿಳಿಯಲೆಂದು ನಮ್ಮ ಭಾಷೆಯಲ್ಲಿ.

"ಇದು ದುಭಾಷಿಯ ಮಾತು. ಎಂಟನೇ ಸಾಲಿನ ಅನುವಾದ ತಪ್ಪಾಗಿದೆ. ಇಬ್ಬರ ಮಾತು ಒಬ್ಬರ ಹೆಸರಲ್ಲಿ ಬಂದಿದೆ. ಅದರಲ್ಲಿರೋ 'ಆದರೆ', 'ಹಾಗಿದ್ದರೂ' ಯಾರೂ ಬರೆದದ್ದಲ್ಲ, ದುಭಾಷಿ ಸೇರಿಸಿದ್ದು. ದುಭಾಷಿ ತನ್ನ ಪ್ರಮಾಣಪತ್ರ ವಾಪಸ್ ತಗೋತಾಳೆ."

ಮ್ಯಾನೇಜರಿನ ಪೆನ್ನು ನಿಂತಿತು. "ಅನುವಾದಕರಿಗೆ ಇಲ್ಲೇನು ಕೆಲಸ? ಕಾಗದದ ಮೇಲಿರೋದನ್ನ ಹೇಳಿದ್ರೆ ಸಾಕು," ಎಂದ. ಬಿಡಲಿಲ್ಲ, ಅದನ್ನೂ ಅಕ್ಷರಕ್ಕಕ್ಷರ ಅಧಿಕಾರಿಗೆ ಅನುವಾದಿಸಿದೆ.

ಅಧಿಕಾರಿ ಎರಡೂ ಪುಟಗಳನ್ನು ಪಕ್ಕಪಕ್ಕ ಇಡಿಸಿ ನೋಡಿದರು. ಅವರಿಗೆ ಅಕ್ಷರ ಬಾರದಿದ್ದರೂ ಒಂದು ಗಿಡ್ಡ, ಒಂದು ಉದ್ದ ಎಂಬುದು ಕಾಣುತ್ತಿತ್ತು. "ಇದರಲ್ಲಿ ಯಾವ ಸಾಲು ಯಾರದ್ದೆಂದು ನೀವು ಹೇಗೆ ಹೇಳುತ್ತೀರಿ?" ಎಂದು ನನ್ನನ್ನು ಕೇಳಿದರು.

"ದುಭಾಷಿ ಹೇಳೋದು ಬೇಡ. ಕಂಪನಿಯ ಮೇಲ್ ಡಬ್ಬಿಯಲ್ಲಿ ಮೂಲ ಇರುತ್ತದೆ, ಅಲ್ಲಿ ಬಣ್ಣವೂ ಇರುತ್ತದೆ. ತೆರೆಸಿ."

ಸಿಬ್ಬಂದಿ ವಿಭಾಗದ ಹುಡುಗಿ ಮ್ಯಾನೇಜರಿನ ಕಡೆಗೊಮ್ಮೆ, ಅಧಿಕಾರಿಯ ಕಡೆಗೊಮ್ಮೆ ನೋಡಿದಳು. ಅಧಿಕಾರಿ ಟಿವಿಯ ಕಡೆ ಕೈ ತೋರಿಸಿದರು. ಅವಳು ತನ್ನ ಲ್ಯಾಪ್‌ಟಾಪಿಗೆ ತಂತಿ ಚುಚ್ಚಿ, ಮಂಗಳವಾರದ ಹನ್ನೊಂದು ನಲವತ್ತೆರಡರ ಮೇಲ್ ತೆರೆದಳು. ಗೋಡೆಯ ಮೇಲೆ ಕಪ್ಪು ಸಾಲುಗಳ ನಡುವೆ ಮೂರು ವಾಕ್ಯ ನೀಲಿಯಾಗಿ ಎದ್ದು ಕಂಡವು. ಅವುಗಳನ್ನು ಮಾತ್ರ ಅಧಿಕಾರಿಯ ಭಾಷೆಯಲ್ಲಿ ಓದಿದೆ: "ನಾಲ್ಕು ದಿನ ನಿಲ್ಲಿಸಲು ಆಗುವುದಿಲ್ಲ. ಸೆನ್ಸರ್ ಬೈಪಾಸ್ ಮಾಡಿ ಓಡಿಸಿ. ಜವಾಬ್ದಾರಿ ನನ್ನದು."

ಅಧಿಕಾರಿ ಮ್ಯಾನೇಜರನ್ನು ಕೇಳಿದರು, "ಇದು ನಿಮ್ಮದೇ?"

"ಆವತ್ತು ತುಂಬಾ ಒತ್ತಡ ಇತ್ತು," ಎಂದ ಅವನು.

"ಹೌದೋ ಅಲ್ಲವೋ?"

"ಹೌದು."

ನಿಯಮದಂತೆ ಅದನ್ನೂ ತಿರುಗಿಸಿದೆ. ಇಷ್ಟು ವರ್ಷಗಳಲ್ಲಿ ಒಂದು ಪದವನ್ನು ಅಷ್ಟು ಗಟ್ಟಿಯಾಗಿ ಅನುವಾದಿಸಿದ್ದು ನೆನಪಿಲ್ಲ. ಭಾವ ಎದ್ದು ಹೊರಗೆ ಹೋದರು. ಬಾಗಿಲು ಧಡಾರನೆ ಮುಚ್ಚಿಕೊಂಡಿತು, ಮುಚ್ಚಿಕೊಳ್ಳಲಿ.

ನಾನು ಫಿಟ್ಟರಳ ಕಡೆ ತಿರುಗಿ, "ತಪ್ಪಾಯ್ತು," ಎಂದೆ. ಅವಳ ಮುಖ ಸಡಿಲವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

"ಮೂರು ವಾರ ಮೇಡಂ," ಎಂದಳು. "ಮನೇಲಿ ನನ್ನ ಮಗಳೂ ಕೇಳಿದ್ಲು, ಅಮ್ಮಾ ನಿಜವಾಗ್ಲೂ ನೀನೇ ಬರೆದ್ಯಾ ಅಂತ. ಕ್ಷಮೆಗಿಮೆ ಆಮೇಲೆ. ಮೊದಲು ನಾನು ಬರೆದಿದ್ದನ್ನ ಇವರಿಗೆ ಓದಿ ಹೇಳಿ. ಬರೀ ನಂದು. ಒಂದಕ್ಷರ ಹೆಚ್ಚು ಬೇಡ, ಕಮ್ಮಿ ಬೇಡ."

ಅಧಿಕಾರಿ ಹಳೆಯ ಹಾಳೆ ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದರು. ನಾನು ಇಪ್ಪತ್ತೊಂದನೇ ಪುಟ ಹಿಡಿದು, ಬರೆದವಳ ಹೆಸರಿನಿಂದ ಶುರು ಮಾಡಿದೆ. ಯಾರಿಗೆ ಬರೆದದ್ದು ಎಂದು ಹೇಳಿದೆ. ಮಂಗಳವಾರ, ಬೆಳಿಗ್ಗೆ ಒಂಬತ್ತು ಹತ್ತು ಎಂದೆ. ಆಮೇಲೆ ಒಂದೊಂದೇ ವಾಕ್ಯ, ನುಣುಪಿಲ್ಲದೆ, ಅವಳು ಇಟ್ಟ ಹಾಗೇ ಇಟ್ಟೆ.

"ಮೂರನೇ ಪ್ರೆಸ್ಸಿನ ಗಾರ್ಡಿನ ಸೆನ್ಸರ್ ಕೆಟ್ಟಿದೆ. ಹೊಸದು ಬರಲು ನಾಲ್ಕು ದಿನ ಬೇಕು. ಅಲ್ಲಿಯವರೆಗೆ ಪ್ರೆಸ್ ನಿಲ್ಲಿಸಬೇಕು. ಹೀಗೇ ಓಡಿಸಿದರೆ ಯಾರದ್ದಾದರೂ ಕೈ ಹೋಗುತ್ತದೆ."

ಅಧಿಕಾರಿ ಬರೆಯುವುದನ್ನು ಮುಗಿಸಿ ತಲೆ ಎತ್ತಿದರು. "ಆಮೇಲೆ?"

"ಆಮೇಲೆ ಅವರು ಏನೂ ಬರೆದಿಲ್ಲ," ಎಂದೆ.