ಪೂರ್ತಿ ಅರವತ್ತು ಸೆಕೆಂಡು

ಓರಗಿತ್ತಿ ತನ್ನ ಆಫೀಸಿಗೇ ಕೆಲಸಕ್ಕೆ ಬರುತ್ತಾಳೆಂದು ಗೊತ್ತಾದ ದಿನ ಹಿರಿಯವಳು ಎಲ್ಲರೆದುರು ಸಂತೋಷಪಟ್ಟಳು. ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲಷ್ಟೇ ಮುಖ ಗಂಟಿಕ್ಕಿದಳು. ಮೈದುನನ ಹೆಂಡತಿಯೆಂದರೆ ಸಾಮಾನ್ಯವೇ? ಒಂದೇ ಮನೆ, ಒಂದೇ ಒಲೆ, ಒಬ್ಬರೇ ಅತ್ತೆ. ಈಗ ಆಫೀಸೂ ಒಂದೇ ಆಯಿತು. ಇನ್ನು ನೀವಿಬ್ಬರೂ ಹಂಚಿಕೊಳ್ಳದೆ ಉಳಿದಿರೋದು ಗಂಡಂದಿರನ್ನ ಮಾತ್ರ ಎಂದು ಅವಳ ಗಂಡ ನಕ್ಕ. ಅವಳಿಗೆ ನಗು ಬರಲಿಲ್ಲ.

ಆಫೀಸೆಂದರೆ ಕನ್ನಡಕದಂಗಡಿಯ ಮೇಲಿನ ಮೂರನೇ ಮಹಡಿ, ಏಳು ಜನ, ಒಂದು ಕೆಟ್ಟುಹೋದ ನೀರಿನ ಯಂತ್ರ. ಸ್ವಂತ ಬಂಡವಾಳದಲ್ಲಿ ಶೇರು ಕೊಂಡು ಮಾರುವ ಪುಟ್ಟ ಸಂಸ್ಥೆ. ಯಾವ ಶೇರನ್ನು ಯಾವಾಗ ಕೊಳ್ಳಬೇಕೆಂದು ಕಂಪ್ಯೂಟರಿನೊಳಗಿನ ಸೂತ್ರ ಹೇಳುತ್ತದೆ. ಆ ಮಾತು ಕೇಳಿ ಮಾರುಕಟ್ಟೆಗೆ ಆರ್ಡರ್ ಕಳಿಸುವುದು ಹಿರಿಯವಳ ಕೆಲಸ. ಕಿಟಕಿ ಪಕ್ಕದ, ಕೆಂಪು ದಿಂಬಿನ ಕುರ್ಚಿ ಹದಿನೈದು ವರ್ಷದಿಂದ ಅವಳದು. ಎಲ್ಲರ ಬಾಯಲ್ಲೂ ಅವಳು ಡೀಲರಮ್ಮ. ಅವಳು ರಜಾ ಹಾಕಿದ ದಿನವೂ ಆ ದಿಂಬಿನ ಮೇಲೆ ಯಾರೂ ಕೂರುತ್ತಿರಲಿಲ್ಲ.

ಕಿರಿಯವಳು ಬಂದು ಐದೇ ತಿಂಗಳಾಗಿತ್ತು. ಸೂತ್ರಗಳನ್ನು ಹಳೆಯ ವರ್ಷಗಳ ಬೆಲೆಗಳ ಮೇಲೆ ಓಡಿಸಿ, ಆಗ ಹೀಗೆ ಮಾಡಿದ್ದರೆ ಏನಾಗುತ್ತಿತ್ತೆಂದು ನೋಡುವ ಬ್ಯಾಕ್‌ಟೆಸ್ಟ್ ಅವಳ ಪಾಲಿನ ಕೆಲಸ. ಒಂದು ಸೋಮವಾರ ಸಂಸ್ಥೆಯ ಯಜಮಾನರ ಕೋಣೆಯ ಗೋಡೆಯ ಮೇಲೆ ಅವಳು ಲಾಭದ ಎರಡು ಗೆರೆ ತೋರಿಸಿದಳು. ಕೆಳಗಿನದು ಈಗ ನಡೆಯುತ್ತಿರುವ ರೀತಿ: ಮಾರ್ಕೆಟ್ ಆರ್ಡರ್, ಅಂದರೆ ಮಾರುವವರು ಕೇಳಿದ ಬೆಲೆ ಕೊಟ್ಟು ತಕ್ಷಣ ಎತ್ತಿಕೊಳ್ಳುವುದು. ಮೇಲಿನದು ಅವಳ ಸಲಹೆ: ಲಿಮಿಟ್ ಆರ್ಡರ್. ನಾನು ಕೊಡುವುದು ಇಷ್ಟೇ, ಒಪ್ಪುವವರು ಬನ್ನಿ ಎಂದು ಬೆಲೆ ಹೇಳಿ ಒಂದು ನಿಮಿಷ ಕಾಯುವುದು, ನಿಮಿಷದೊಳಗೆ ಸಿಗದೆ ಉಳಿದದ್ದನ್ನು ರದ್ದು ಮಾಡುವುದು. ಪ್ರತಿ ಶೇರಿನ ಮೇಲೂ ಕೊಂಚ ಕೊಂಚ ಉಳಿಯುತ್ತದೆ. ಮೂರು ವರ್ಷಕ್ಕೆ ನೋಡಿದರೆ ಲಾಭ ಹೆಚ್ಚುಕಡಿಮೆ ಎರಡರಷ್ಟು.

ಮೇಲಿನ ಗೆರೆ ಏರುತ್ತ ಹೋದ ಹಾಗೆ ಡೀಲರಮ್ಮನ ಕಿವಿ ಬಿಸಿಯಾಯಿತು. ಆ ಎರಡು ಗೆರೆಗಳ ನಡುವಿನ ಅಂತರವೆಲ್ಲ ಹದಿನೈದು ವರ್ಷ ತಾನು ಪೋಲು ಮಾಡಿದ್ದು ಎಂದು ಓರಗಿತ್ತಿ ಗೋಡೆಯ ಮೇಲೆ ಬರೆದಂತಿತ್ತು. ಕೊನೆಯ ಪುಟದಲ್ಲಿ ಇನ್ನೊಂದು ಸಾಲಿತ್ತು: ಮುಂದೆ ಈ ಆರ್ಡರ್‌ಗಳನ್ನು ಯಂತ್ರವೇ ಹಾಕಬಹುದು, ಡೀಲರನ್ನು ಕಡತ ವಿಭಾಗಕ್ಕೆ ಕಳಿಸಬಹುದು. ಕಡತ ವಿಭಾಗಕ್ಕೆ ಕಿಟಕಿಯೇ ಇಲ್ಲ.

ಆದರೆ ಅವಳ ಕೈಗೆ ಗೊತ್ತಿದ್ದ ಸಂಗತಿಯೊಂದು ಆ ಗೆರೆಗೆ ಗೊತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದಳು. ಬೆಲೆ ನಮ್ಮ ಅಂಕಿಯನ್ನು ಮುಟ್ಟಿತೆಂದ ಮಾತ್ರಕ್ಕೆ ಶೇರು ಕೈಗೆ ಬಂದಂತಲ್ಲ. ಅದೇ ಬೆಲೆಗೆ ನಮಗಿಂತ ಮುಂಚೆ ಬಂದವರ ಸಾಲಿರುತ್ತದೆ, ಟಿಕೆಟ್ ಕೌಂಟರಿನ ಮುಂದೆ ಇದ್ದ ಹಾಗೆ. ನಾವು ಸಾವಿರ ಕೇಳಿರುತ್ತೇವೆ, ಮುಂದಿನವರಿಗೆ ಕೊಟ್ಟು ಮಿಕ್ಕ ಮುನ್ನೂರು ಸಿಗುತ್ತದೆ, ಅಷ್ಟರಲ್ಲಿ ಬೆಲೆ ಮೇಲೆ ಹಾರುತ್ತದೆ. ಸಾವಿರಕ್ಕೆ ಸಾವಿರವೂ ಸಿಗುವುದು ಯಾವಾಗ? ಎಲ್ಲರೂ ಮಾರಿ ಓಡುವಾಗ. ಅಂದರೆ ಬೆಲೆ ನಮ್ಮನ್ನು ದಾಟಿ ಪಾತಾಳಕ್ಕೆ ಇಳಿಯುವಾಗ. ಗೆಲ್ಲುವುದು ಚೂರು ಚೂರಾಗಿ ಸಿಗುತ್ತದೆ, ಸೋಲುವುದು ಇಡಿಯಾಗಿ ಸಿಗುತ್ತದೆ. ಬ್ಯಾಕ್‌ಟೆಸ್ಟ್ ಮಾತ್ರ ಬೆಲೆ ಮುಟ್ಟಿದಾಗಲೆಲ್ಲ ಸಾವಿರವೂ ಸಿಕ್ಕಿತೆಂದು ಬರೆದುಕೊಂಡಿದೆ.

ಕಿರಿಯವಳು ಮುಖ ಕೆಡಿಸಿಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದಳು.

"ಇರಬಹುದು ಅಕ್ಕಾ. ಎಷ್ಟು ಸಿಗುತ್ತೆ ಅನ್ನೋದಕ್ಕೆ ನಮ್ಮ ಹತ್ರ ಅಂಕಿ ಇದೆಯಾ?"

ಇರಲಿಲ್ಲ. ಹದಿನೈದು ವರ್ಷ ಹಾಕಿದ್ದೆಲ್ಲ ಮಾರ್ಕೆಟ್ ಆರ್ಡರ್. ಬೇರೆ ಸಂಸ್ಥೆಯಲ್ಲಿ ಕಲಿಯುತ್ತಿದ್ದ ಕಾಲದ ನೆನಪು ಬಿಟ್ಟರೆ ಅವಳ ಹತ್ತಿರ ಏನೂ ಇರಲಿಲ್ಲ. ನೆನಪನ್ನು ಗೋಡೆಯ ಮೇಲೆ ತೋರಿಸಲಾಗುವುದಿಲ್ಲ. ಪ್ರಶ್ನೆ ನ್ಯಾಯವಾಗಿತ್ತು, ಅದೇ ಅವಳ ಹೊಟ್ಟೆ ಉರಿಸಿದ್ದು. ಜಗಳಕ್ಕೆ ಬಂದಿದ್ದರೆ ನಾಲ್ಕು ಮಾತು ಬಿಸಾಕಬಹುದಿತ್ತು.

ಯಜಮಾನರು ಮೂರು ವಾರದ ಪರೀಕ್ಷೆ ಎಂದರು. ಪ್ರತಿ ಸಲ ನೂರೇ ಶೇರು, ಲಿಮಿಟ್ ಆರ್ಡರ್. ಕಾಯುವುದು ಪೂರ್ತಿ ಅರವತ್ತು ಸೆಕೆಂಡು. ಆರ್ಡರ್ ಹಾಕುವುದೂ ರದ್ದು ಮಾಡುವುದೂ ಡೀಲರಮ್ಮನ ಕೈಯಿಂದಲೇ.

ಮೊದಲ ವಾರ ಅವಳ ಹೊಟ್ಟೆಗೆ ಹಾಲು ಹುಯ್ದಂತಿತ್ತು. ಏರಿದ ಶೇರು ನೂರರಲ್ಲಿ ಮೂವತ್ತು ಸಿಕ್ಕಿತು, ಇನ್ನೊಂದು ನಲವತ್ತು, ಮತ್ತೊಂದು ಬರೀ ಆರು. ಇಳಿದದ್ದು ಮಾತ್ರ ನೂರಕ್ಕೆ ನೂರು. ಪ್ರತಿ ಸಲವೂ ಗಡಿಯಾರ ನೋಡಿ ಅರವತ್ತಕ್ಕೇ ಗುಂಡಿ ಒತ್ತಿದಳು. ಮನೆಗೆ ಹೋಗಿ ಓರಗಿತ್ತಿಯ ತಟ್ಟೆಗೆ ತಾನೇ ಅನ್ನ ಬಡಿಸಿದಳು.

ಎರಡನೇ ವಾರದ ಮಂಗಳವಾರ ಗ್ರಹಚಾರ ತಿರುಗಿತು. ಸಾಲಾಗಿ ಎರಡು ಆರ್ಡರ್ ಪೂರ್ತಿ ಸಿಕ್ಕವು, ಎರಡೂ ಏರಿದವು. ಯಜಮಾನರು ಕೋಣೆಯಿಂದ ಹೊರಗೆ ಬಂದು ಕಿರಿಯವಳ ಬೆನ್ನು ತಟ್ಟಿದರು. ನಮ್ಮ ಸಂಸ್ಥೆಗೆ ಇಂಥ ತಲೆ ಬೇಕಿತ್ತು ಅಂದರು. ಆ ಮಾತು ಸೊಸೆಯರಿಬ್ಬರಿಗಿಂತ ಮುಂಚೆ ಮನೆ ಸೇರಿತು. ಮೈದುನ ಊಟದ ಹೊತ್ತಿಗೆ ಉಪ್ಪು ಖಾರ ಹಚ್ಚಿ ಹೇಳಿದ. ಅತ್ತೆ ಚಿಕ್ಕ ಸೊಸೆಯ ಕೆನ್ನೆ ಸವರಿ, ಹಿರಿಯವಳ ಕಡೆ ತಿರುಗಿ, ನೀನೂ ಅವಳ ಹತ್ರ ಸ್ವಲ್ಪ ಕಲ್ತುಕೋಮ್ಮ ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅತ್ತೆಗೆ ಕೆಟ್ಟ ಮನಸ್ಸಿದ್ದಿದ್ದರೆ ಆವತ್ತು ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಕಲಿತುಕೊಳ್ಳಬೇಕಂತೆ. ಯಾರು? ಮಾರುಕಟ್ಟೆ ಕುಸಿದ ವರ್ಷ ಯಜಮಾನರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾಗ ಕೈ ನಡುಗದೆ ಆರ್ಡರ್ ಹಾಕಿದವಳು. ಯಾರ ಹತ್ತಿರ? ಆಗಿನ್ನೂ ಶಾಲೆಯ ಚೀಲ ಹೊತ್ತುಕೊಂಡು ಓಡಾಡುತ್ತಿದ್ದವಳ ಹತ್ತಿರ. ಅವಳ ಕೂದಲು ಚೆಂದ, ಅವಳ ಇಂಗ್ಲಿಷು ಚೆಂದ, ಅವಳು ತೋರಿಸುವ ಗೆರೆಯೂ ಚೆಂದ.

ಮರುದಿನ ಒಂದು ಆರ್ಡರ್ ಹಾಕಿ ಕೂತಿದ್ದಾಗ ಡೀಲರಮ್ಮನ ಕಣ್ಣಿಗೆ ಮಾರುವವರ ಸಾಲು ತೆಳುವಾಗುವುದು ಕಂಡಿತು. ಹದಿನೈದು ವರ್ಷದ ಕಣ್ಣು ಅದು, ಬೆಲೆ ಏರುವ ಮುಂಚಿನ ಆ ಉಸಿರು ಅದಕ್ಕೆ ತಿಳಿಯುತ್ತದೆ. ಎಂಟು ಶೇರು ಸಿಕ್ಕಿತ್ತು. ಮುಂದಿನ ನಲವತ್ತು ಸೆಕೆಂಡಿನಲ್ಲಿ ಇನ್ನಷ್ಟು ಸಿಗಬಹುದಿತ್ತು. ಇಪ್ಪತ್ತಕ್ಕೇ ರದ್ದು ಮಾಡಿದಳು. ಬೆಲೆ ಏರಿತು, ಓರಗಿತ್ತಿಯ ಲೆಕ್ಕದಲ್ಲಿ ಎಂಟೇ ಉಳಿಯಿತು. ಅವಳಿಗೆ ಹಿತವಾಯಿತು. ಯಾರೂ ತಿರುಗಿ ನೋಡಲಿಲ್ಲ.

ಅಲ್ಲಿಂದ ಮುಂದಿನ ನಾಲ್ಕು ದಿನ ಹಾಗೇ ನಡೆಯಿತು. ಏರುತ್ತದೆ ಅನ್ನಿಸಿದ್ದನ್ನು ಬೇಗ ರದ್ದು ಮಾಡಿದಳು, ಇಳಿಯುತ್ತದೆ ಅನ್ನಿಸಿದ್ದನ್ನು ಧಾರಾಳವಾಗಿ ಅರವತ್ತು ಸೆಕೆಂಡು ಬಿಟ್ಟಳು. ಆಮೇಲೆ ಹೆದರಿಕೆಯಾಯಿತೋ ನಾಚಿಕೆಯಾಯಿತೋ, ಕೊನೆಯ ದಿನಗಳಲ್ಲಿ ಮತ್ತೆ ಗಡಿಯಾರಕ್ಕೆ ನಿಯತ್ತಾದಳು.

ಪರೀಕ್ಷೆ ಮುಗಿಯಿತು. ಲಿಮಿಟ್ ಆರ್ಡರಿನ ಗೆರೆ ಕೆಳಗಿಳಿದಿತ್ತು, ಮಾರ್ಕೆಟ್ ಆರ್ಡರಿನ ಗೆರೆಗಿಂತ ಬಹಳ ಕೆಳಗೆ. ಅವಳ ಮಾತು ಗೆದ್ದಿತ್ತು. ನಾಳೆ ಬೆಳಿಗ್ಗೆ ಕೂತು ತೀರ್ಮಾನ ಮಾಡೋಣ ಎಂದು ಯಜಮಾನರು ಹೇಳಿ ಹೋದರು.

ಮಾರನೆಯ ದಿನ ಆಫೀಸು ತೆರೆಯುವ ಹೊತ್ತಿಗೆ ಕಿರಿಯವಳು ಒಂದು ಹಾಳೆ ಹಿಡಿದು ಕಿಟಕಿಯ ಹತ್ತಿರ ಬಂದಳು. ಒಟ್ಟು ನಲವತ್ತೆಂಟು ಆರ್ಡರ್, ನಲವತ್ತೆಂಟು ಸಾಲು. ಬ್ಯಾಕ್‌ಟೆಸ್ಟನ್ನು ತಿದ್ದಬೇಕು, ಅರ್ಧಂಬರ್ಧ ಸಿಗುವುದನ್ನೂ ಅದರೊಳಗೆ ತರಬೇಕು ಎಂದು ಮಾರುಕಟ್ಟೆಯ ದಾಖಲೆ ತೆಗೆದಿದ್ದಳಂತೆ. ನಮ್ಮ ಮುಂದೆ ಎಷ್ಟು ಜನ ಇದ್ದರು, ನಾವು ಎಷ್ಟು ಹೊತ್ತು ಕಾದೆವು, ಎಷ್ಟು ಸಿಕ್ಕಿತು. ಮಧ್ಯದ ಕಾಲಂ ಮೇಲೆ ಡೀಲರಮ್ಮನ ಕಣ್ಣು ನಿಂತಿತು. ಅರವತ್ತು, ಅರವತ್ತು, ಅರವತ್ತು, ಇಪ್ಪತ್ತು, ಹತ್ತೊಂಬತ್ತು, ಇಪ್ಪತ್ತೆರಡು. ರದ್ದು ಮಾಡಿದ ಸೆಕೆಂಡನ್ನೂ ಮಾರುಕಟ್ಟೆ ಬರೆದಿಟ್ಟುಕೊಳ್ಳುತ್ತದೆ. ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ಹೊಟ್ಟೆಕಿಚ್ಚಿನಲ್ಲಿ ಮರೆತಿದ್ದಳು.

ಇನ್ನು ಕಡತ ವಿಭಾಗವೂ ಇಲ್ಲ, ನೇರ ಮನೆಗೇ. ಮನೆಯಲ್ಲಿ ಅತ್ತೆ.

"ಹನ್ನೊಂದು ಆರ್ಡರ್ ಬಿಟ್ಟಿದೀನಿ ಅಕ್ಕಾ," ಎಂದಳು ಕಿರಿಯವಳು, ದನಿ ತಗ್ಗಿಸಿ. "ಪೂರ್ತಿ ಕಾದ ಮೂವತ್ತೇಳನ್ನ ಮಾತ್ರ ಇಟ್ಕೊಂಡು ನೋಡ್ದೆ. ಏರಿದ್ದು ಇಪ್ಪತ್ತೆರಡು, ನೂರಕ್ಕೆ ಸರಾಸರಿ ಮೂವತ್ತೆಂಟು ಸಿಕ್ಕಿದೆ. ಇಳಿದಿದ್ದು ಹದಿನೈದು, ಅದು ತೊಂಬತ್ತೇಳು. ಆಗಲೂ ನಷ್ಟಾನೇ. ನೀವು ಏನೂ ಮಾಡ್ದೇ ಇದ್ದಿದ್ರೂ ನೀವೇ ಸರಿ."

ಡೀಲರಮ್ಮ ಹಾಳೆಯನ್ನು ಮಡಚಿ ಹಿಂದಕ್ಕೆ ಕೊಟ್ಟಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಸಭೆಯಲ್ಲಿ ಕಿರಿಯವಳು ಅಕ್ಕ ಹೇಳಿದ್ದೇ ನಿಜವೆಂದು, ತನ್ನ ಬ್ಯಾಕ್‌ಟೆಸ್ಟ್ ತಪ್ಪಿತ್ತೆಂದು ನೇರವಾಗಿ ಹೇಳಿದಳು. ಕೊಳ್ಳುವುದು ಇನ್ನು ಮುಂದೆಯೂ ಮಾರ್ಕೆಟ್ ಆರ್ಡರಿನಲ್ಲೇ ಎಂದಾಯಿತು. ಹನ್ನೊಂದು ಸಾಲು ಯಾಕೆ ಬಿಟ್ಟಿದ್ದೀರೆಂದು ಯಜಮಾನರು ಕೇಳಿದಾಗ, ಅವು ಪೂರ್ತಿ ನಿಮಿಷ ನಿಲ್ಲಲಿಲ್ಲ, ಲೆಕ್ಕಕ್ಕೆ ಬರುವುದಿಲ್ಲ ಎಂದಳು. ಅಷ್ಟೇ. ಅವಳ ಕಣ್ಣು ಹಿರಿಯವಳ ಕಡೆ ಹೊರಳಲಿಲ್ಲ. ನಿಜ ಡೀಲರಮ್ಮನ ನಾಲಿಗೆಯ ತುದಿಗೆ ಬಂದು ಕೂತಿತು. ಅವಳು ಅದನ್ನು ನುಂಗಿದಳು. ಯಜಮಾನರು ಪುಟ ತಿರುಗಿಸಿ, ಅನುಭವ ಅಂದ್ರೆ ಇದು ನೋಡಿ ಎಂದು ಅವಳನ್ನು ಹೊಗಳಿದರು. ಕುರ್ಚಿ ಉಳಿಯಿತು, ಕಿಟಕಿ ಉಳಿಯಿತು. ಹದಿನೈದು ವರ್ಷವೂ ಪೋಲಾಗಿರಲಿಲ್ಲ. ಪ್ರತಿ ಸಲವೂ ಅರವತ್ತು ಸೆಕೆಂಡು ಕಾದು ಸುಮ್ಮನಿದ್ದಿದ್ದರೆ ಅದೆಲ್ಲ ಅವಳ ಸ್ವಂತದ್ದಾಗುತ್ತಿತ್ತು. ಈಗ ಅದು ಓರಗಿತ್ತಿ ಕೊಟ್ಟದ್ದಾಗಿತ್ತು.

ಊಟಕ್ಕೆ ಕೂತಾಗ ಅತ್ತೆ ಕೇಳಿದರು, ಕೊನೆಗೆ ಯಾರ ಮಾತು ನಿಂತಿತು?

"ಅಕ್ಕಂದೇ," ಎಂದಳು ಕಿರಿಯವಳು, ಮಜ್ಜಿಗೆ ಕಲೆಸಿಕೊಳ್ಳುತ್ತ. "ನಾನು ಅವರ ಹತ್ರ ಕಲೀಬೇಕು ಅತ್ತೆ."

ಅತ್ತೆ ಈ ಸಲ ಹಿರಿಯ ಸೊಸೆಯ ಕೆನ್ನೆ ಸವರಿದರು. ಎಷ್ಟೋ ದಿನದಿಂದ ಅವಳು ಬಯಸಿದ್ದ ಕೈ ಅದು. ಅವಳು ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದಳು. ಇಷ್ಟು ದಿನ ಅವಳಿಗೆ ಓರಗಿತ್ತಿಯ ಬುದ್ಧಿ ಕಂಡು ಮಾತ್ರ ಹೊಟ್ಟೆಕಿಚ್ಚಿತ್ತು. ಈಗ ಆ ಹುಡುಗಿಯ ದೊಡ್ಡ ಮನಸ್ಸನ್ನು ಕಂಡೂ ಹೊಟ್ಟೆ ಉರಿಯತೊಡಗಿತು.