ಮೂವತ್ತೊಂಬತ್ತು ಸೆಕೆಂಡು

ಅಕ್ಷತಾ ಗುಜರಾತಿನ ಒಂದು ಲಕ್ಷ ಜನರ ಕಣ್ಣು ಎಲ್ಲಿ ತೂಕಡಿಸುತ್ತದೆ ಎಂದು ಕೂತಲ್ಲಿಂದಲೇ ಹೇಳುತ್ತಾಳೆ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಂಡೆ. ಲಕ್ಷವಲ್ಲ, ಆರುನೂರ ಹನ್ನೆರಡು ಜನ. ಕೂತಲ್ಲಿಂದಲೇ ಹೇಳುವುದು ಮಾತ್ರ ನಿಜ.

ಅವಳ ಕೆಲಸವೇ ಅದು. ಬಟ್ಟೆಗೆ ಹಾಕುವ ಬಣ್ಣ ಮಾಡುವ ಕಂಪನಿ. ಕಾರ್ಖಾನೆ ಅಹಮದಾಬಾದಿನ ಅಂಚಿನ ವಟ್ವಾದಲ್ಲೊಂದು, ವಡೋದರಾದಲ್ಲೊಂದು, ಸೂರತ್‌ನಲ್ಲೊಂದು. ಕೆಲಸಗಾರರಿಗೆ ಪಾಠ ಹೇಳುವ ವಿಡಿಯೋಗಳನ್ನು ಕಂಪನಿಯೇ ಮಾಡಿಸುತ್ತದೆ. ಯಾರು ಕೊನೆವರೆಗೆ ನೋಡಿದರು, ಯಾರು ಎಲ್ಲಿ ಹಾರಿಸಿದರು, ಆಮೇಲಿನ ಐದು ಪ್ರಶ್ನೆಗೆ ಎಷ್ಟು ಅಂಕ ತೆಗೆದರು, ಎಲ್ಲವೂ ಅಹಮದಾಬಾದಿನ ಆಫೀಸಿನಲ್ಲಿ ಅಕ್ಷತಾಳ ಪರದೆ ಮೇಲೆ ಬಂದು ಬೀಳುತ್ತದೆ.

ಆ ಶುಕ್ರವಾರ ಬೆಳಿಗ್ಗೆ ಅವಳ ಮೇಲಧಿಕಾರಿ ಹರೀಶ್, ಅವರೂ ಅವಳಂತೆ ಉಡುಪಿ ಕಡೆಯವರೇ, ಟ್ಯಾಂಕ್ ತೊಳೆಯುವ ವಿಡಿಯೋವನ್ನು ಯಾವ ಕ್ಷಣದಲ್ಲಿ ಎಷ್ಟು ಜನ ನೋಡಿದರು ಎಂಬ ಗೆರೆಯನ್ನು ತೋರಿಸಿದರು. ಹಪ್ಪಳದಂತೆ ಸಪಾಟಾಗಿ ಬಂದ ಗೆರೆ ನಡುವೆ ಒಂದು ಕಡೆ ಬಾವಿಯಂತೆ ಕುಸಿದಿತ್ತು.

"ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿಗೆ ಎಲ್ಲ ಹಾರಿಸ್ತಾರೆ ಮಾರಾಯ್ತಿ. ಸೀದಾ ನಾಲ್ಕು ಐವತ್ತೊಂದಕ್ಕೆ ಹೋಗಿ ನೋಡ್ತಾರೆ. ಬೋರ್ ಅಂತಲೇ ಅರ್ಥ. ಕತ್ತರಿಸಿ ಬಿಡು."

"ಅದ್ರಲ್ಲೇ ಗಾಳಿ ಪರೀಕ್ಷೆ ಉಂಟು ಸರ್. ಇಳಿಯುವ ಮೊದಲು ವಿಷಗಾಳಿ ಉಂಟಾ ಅಂತ ಮೇಲೆ, ಮಧ್ಯೆ, ತಳದಲ್ಲಿ ಮೀಟರ್ ಬಿಟ್ಟು ನೋಡುವುದು. ಹೊರಗೆ ಕಾವಲು ನಿಲ್ಲುವುದೂ ಅದ್ರಲ್ಲೇ."

"ನೂರಕ್ಕೆ ತೊಂಬತ್ತಾರು ಜನ ಮುಗಿಸಿದ್ದಾರೆ. ಐದಕ್ಕೆ ನಾಲ್ಕೂ ಮುಕ್ಕಾಲು ಅಂಕ. ನೋಡದೆಯೇ ಗೊತ್ತುಂಟಲ್ಲ. ಸೋಮವಾರ ಸೂರತ್‌ನಲ್ಲಿ ಮೂವತ್ತು ಹೊಸಬರು ಇದನ್ನು ನೋಡಿ ಟ್ಯಾಂಕಿಗೆ ಇಳೀತಾರೆ. ನಾಲ್ಕು ಗಂಟೆಯೊಳಗೆ ನಿನ್ನ ವರದಿ ಬರ್ಬೇಕು. ಬೇಡ ಅಂದ್ರೆ ಗಟ್ಟಿ ಕಾರಣ ಕೊಡು."

ಅಕ್ಷತಾ ಲೆಕ್ಕವನ್ನು ಬಿಡಿಸತೊಡಗಿದಳು. ಮುಗಿಸಿದರು ಎಂದರೆ ಏನು? ಕೊನೆ ಸೆಕೆಂಡು ಮುಟ್ಟಿದರೆ ಸಾಕು, ಯಂತ್ರ ಹಸಿರು ಟಿಕ್ ಹಾಕುತ್ತದೆ. ನಡುವೆ ಏನನ್ನು ನುಂಗಿದರು ಎಂದು ಕೇಳುವುದಿಲ್ಲ. ಅಂಕವನ್ನೂ ಎರಡು ಪಾಲು ಮಾಡಿದಳು. ಆ ಭಾಗ ನೋಡಿದವರಿಗೂ ಅದೇ ಅಂಕ, ಹಾರಿಸಿದವರಿಗೂ ಅದೇ ಅಂಕ. ಐದು ಪ್ರಶ್ನೆಗೆ ಹನ್ನೊಂದು ಸೆಕೆಂಡಿನಲ್ಲಿ ಉತ್ತರ. ಅಷ್ಟರಲ್ಲಿ ಪ್ರಶ್ನೆ ಓದಿ ಮುಗಿಸಲೂ ಆಗುವುದಿಲ್ಲ. ಉತ್ತರಗಳ ಚೀಟಿ ಕೈಯಿಂದ ಕೈಗೆ ದಾಟುತ್ತಿದೆ ಎಂಬುದು ಕುರುಡರಿಗೂ ಕಾಣುವಂತಿತ್ತು.

ಆದರೆ ಬೇಸರಪಟ್ಟವರು ಹೀಗೆ ಹಾರಿಸುವುದಿಲ್ಲ. ಒಬ್ಬ ಅಲ್ಲಿ, ಒಬ್ಬ ಇಲ್ಲಿ, ಕಪ್ಪೆಗಳಂತೆ ಹಾರುತ್ತಾರೆ. ಇವರು ಆರುನೂರು ಜನ ಒಂದೇ ಮೆಟ್ಟಿಲಿಂದ ಎದ್ದು ಒಂದೇ ಮೆಟ್ಟಿಲಿಗೆ ಇಳಿದಿದ್ದರು. ಅವಳು ಆ ಭಾಗವನ್ನು ಹಾಕಿ ನೋಡಿದಳು. ನೀಲಿ ಕೈಗವಸು ತೊಟ್ಟ ಒಬ್ಬ ತೆಳ್ಳಗಿನ ಮನುಷ್ಯ ನಗುತ್ತಾ ಮೀಟರ್ ಇಳಿಬಿಡುತ್ತಿದ್ದ. ಸರಿಯಾಗಿ ನಾಲ್ಕು ಐವತ್ತೊಂದಕ್ಕೆ ಅವನು ಪರದೆಯಿಂದ ಆಚೆ ಹೋದ.

ಹಾರಿಸದೆ ಒಮ್ಮೆ ನೋಡಿ ಮುಗಿಸಿದ ಬೆರಳೆಣಿಕೆಯ ಜನರ ನಡುವೆ ಒಬ್ಬನು ಮಾತ್ರ ಮತ್ತೆ ಮತ್ತೆ ನೋಡುತ್ತಿದ್ದ. ವಟ್ವಾದ ಒಂದು ನಂಬರು, ದಿನಾ ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ, ಆ ಮೂವತ್ತೊಂಬತ್ತು ಸೆಕೆಂಡನ್ನು ಪೂರ್ತಿ ನೋಡುತ್ತಿತ್ತು. ಅರವತ್ತೇಳು ದಿನದಿಂದ. ಪ್ರತಿ ದಿನ ಐದಕ್ಕೆ ನಾಲ್ಕು. ಪ್ರತಿ ದಿನ ತಪ್ಪುತ್ತಿದ್ದದ್ದು ನಾಲ್ಕನೆಯ ಪ್ರಶ್ನೆ ಒಂದೇ: ಒಬ್ಬನು ಒಳಗಿರುವಾಗ ಟ್ಯಾಂಕಿನ ಬಾಯಲ್ಲಿ ಯಾರು ಇರುತ್ತಾರೆ? ಆ ನಂಬರು ಒತ್ತುತ್ತಿದ್ದ ಉತ್ತರ: ಯಾರೂ ಇರುವುದಿಲ್ಲ.

ನಂಬರಿನ ಹೆಸರು ತೆಗೆದಳು. ಭುವನ್. ಫಿಟ್ಟರ್. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಮೃತ. ಖಾತೆ ಮುಚ್ಚುವುದನ್ನು ಯಾರೋ ಮರೆತಿದ್ದರು.

ಅಕ್ಷತಾ ಆ ಪುಟವನ್ನು ಮುಚ್ಚಿ ಮತ್ತೆ ತೆರೆದಳು, ಅದೇ ಪದ. ಆದರೂ ಬುದ್ಧಿ ಇರುವ ಹುಡುಗಿ. ನಂಬರು, ಹುಟ್ಟಿದ ವರ್ಷ, ಇವೆರಡು ಗೊತ್ತಿದ್ದರೆ ಯಾರು ಬೇಕಾದರೂ ಒಳಹೋಗಬಹುದು ಎಂದುಕೊಂಡು ಆಟೋ ಹತ್ತಿದಳು.

ವಟ್ವಾದ ಕಾರ್ಖಾನೆಯಲ್ಲಿ ನೆಲ ಒಂದು ಕಡೆ ಕೆಂಪು, ಒಂದು ಕಡೆ ಹಸಿರು. ನಾಯಿಗಳ ಬಾಲವೂ ಬಣ್ಣದ್ದು ಎಂದರೆ ನಂಬಿ. ಟ್ಯಾಂಕಿನ ಶೆಡ್ಡಿನ ಮನೋಜ್ ಎಂಬ ಆಪರೇಟರ್ ಅವಳನ್ನು ವಿಡಿಯೋ ಕೋಣೆಗೆ ಕರೆದೊಯ್ದ. ಕ್ಯಾಂಟೀನಿಗೆ ಅಂಟಿಕೊಂಡ ತಗಡಿನ ಗೂಡು, ಬೆರಳಿಂದ ಮುಟ್ಟುವ ಒಂದು ಪರದೆ, ಒಂದು ಸ್ಟೂಲು. ಇಬ್ಬರೂ ಬಾಗಿಲ ಬಳಿ ನಿಂತು ಗುಜರಾತಿಯಲ್ಲಿ ಮಾತಾಡಿದರು, ಅವಳು ಅವನನ್ನು ಭಾಯ್ ಎಂದು, ಅವನು ಅವಳನ್ನು ಬೆನ್, ಅಂದರೆ ಅಕ್ಕ, ಎಂದು.

"ಆ ಭಾಗ ಯಾಕೆ ಹಾರಿಸ್ತೀರಿ ಮನೋಜ್‌ಭಾಯ್?"

"ಭುವನ್ ಇದ್ದಾನಲ್ಲ ಬೆನ್ ಅದ್ರಲ್ಲಿ. ವಿಡಿಯೋ ಮಾಡಿ ಎರಡು ತಿಂಗಳಿಗೆ ಅದೇ ಟ್ಯಾಂಕಲ್ಲಿ ಹೋದ. ಇಳಿಯೋಕೆ ಮುಂಚೆ ಅವನ ಮುಖ ನೋಡಿದ್ರೆ ಕೆಳಗಿಂದ ಕರೀತಾನಂತೆ. ನಮ್ಮವರು ಸೂರತ್‌ಗೆ ಹೋದಾಗ ಅಲ್ಲಿಯವರಿಗೂ ಹೇಳಿದ್ರು. ವಡೋದರಾಕ್ಕೂ."

"ಹಾರಿಸೋಕೆ ಆಗದ ಹಾಗೆ ಬೀಗ ಹಾಕಿದ್ರೆ?"

"ಕಣ್ಣು ಮುಚ್ಕೋತೀವಿ. ಕಣ್ಣಿಗೂ ಬೀಗ ಹಾಕ್ತಿರಾ?"

ಊಟದ ಗಂಟೆ ಬಾರಿಸಿತು. ಎಲ್ಲರೂ ಕ್ಯಾಂಟೀನಿಗೆ ಹೋದರು. ಅಕ್ಷತಾ ಮನೋಜನನ್ನು ಬಿಡಲಿಲ್ಲ. ಸತ್ತವನ ನಂಬರು ಒತ್ತುವವನು ಇವನೇ ಎಂದು ಅವಳ ಗುಮಾನಿ. ಏಕೆಂದರೆ ಆಟೋದಲ್ಲಿ ಬರುವಾಗ ಅವಳು ತೆರೆದು ನೋಡಿದ್ದ, ಭುವನ್ ಸತ್ತ ದಿನ ಟ್ಯಾಂಕಿಗೆ ಇಳಿಯಲು ಕೊಟ್ಟ ಪರವಾನಗಿ ಕಾಗದದಲ್ಲಿ ಟ್ಯಾಂಕಿನ ಬಾಯಲ್ಲಿ ಕಾವಲಿದ್ದವನು ಎಂದು ಇವನದೇ ಸಹಿ ಇತ್ತು.

ಒಂದೂ ಇಪ್ಪತ್ತು. ಮನೋಜ್ ಅವಳ ಪಕ್ಕದಲ್ಲೇ, ಎರಡೂ ಕೈ ಎದೆಗೆ ಕಟ್ಟಿ ನಿಂತಿದ್ದ. ಸ್ಟೂಲು ಖಾಲಿ. ಪರದೆ ತಾನಾಗಿ ಬೆಳಗಿತು.

ನಂಬರು ಒಂದೊಂದೇ ಅಂಕಿಯಾಗಿ ಬಿತ್ತು, ಓದು ಕಡಿಮೆ ಇರುವವನು ನಿಧಾನ ಒತ್ತುವ ಹಾಗೆ. ವಿಡಿಯೋ ಓಡಿತು. ಎಲ್ಲರೂ ಓಡಿಹೋಗುವ ಜಾಗ ಬಂತು, ದಾಟಿತು. ಭುವನ್ ನಗುತ್ತಾ ಮೀಟರ್ ಇಳಿಬಿಟ್ಟ. ಕ್ಯಾಂಟೀನಿನ ತಟ್ಟೆ ಸದ್ದೂ ಇವರಿಗೆ ಕೇಳಿಸಲಿಲ್ಲ. ಆಮೇಲೆ ಪ್ರಶ್ನೆಗಳು. ಮೊದಲ ಮೂರಕ್ಕೆ ಸರಿಯುತ್ತರ. ನಾಲ್ಕನೆಯದು ತುಂಬ ಹೊತ್ತು ನಿಂತಿತು. ಬಳಿಕ 'ಯಾರೂ ಇರುವುದಿಲ್ಲ' ಎಂಬ ಸಾಲು ಮೆಲ್ಲಗೆ ನೀಲಿಯಾಯಿತು. ಗಾಜಿನ ಮೇಲೆ ಬೆರಳಗಲದ ಒಂದು ತೇವದ ಗುರುತು ಉಳಿಯಿತು.

ಮನೋಜ್ ಗೋಡೆಗೆ ಒರಗಿ ಕೂತುಬಿಟ್ಟ.

"ಅವನು ತಪ್ಪು ಹೇಳ್ತಾ ಇಲ್ಲ ಬೆನ್," ಎಂದ. "ನಾನು ಚಹಾಕ್ಕೆ ಹೋಗಿದ್ದೆ. ಎರಡೇ ಗುಟುಕು. ಮೀಟರೂ ಬಿಟ್ಟಿರ್ಲಿಲ್ಲ. ಸಹಿ ಸಂಜೆ ಹಾಕಿದ್ದು."

ಅಕ್ಷತಾ ಅಲ್ಲೇ ಸ್ಟೂಲಿನ ಮೇಲೆ ಕೂರಲಾರದೆ, ಹೊರಗಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ವರದಿ ಬರೆದು ಹರೀಶ್‌ಗೆ ಕಳಿಸಿದಳು. ಆ ಭಾಗ ಬೋರ್ ಅಲ್ಲ, ಭಯ. ಕತ್ತರಿಸಬೇಡಿ, ಬದುಕಿರುವ ಒಬ್ಬನನ್ನು ನಿಲ್ಲಿಸಿ ನಾಳೆಯೇ ಮತ್ತೆ ತೆಗೆಯಿರಿ. ಪ್ರಶ್ನೆಗಳನ್ನು ಬದಲಿಸಿ, ಪ್ರತಿಯೊಬ್ಬನಿಗೂ ಬೇರೆ ಬೇರೆ ಕೇಳಿ. ಸೋಮವಾರ ಇಳಿಯುವ ಮೊದಲು ಟ್ಯಾಂಕಿನ ಬಳಿ ಒಬ್ಬೊಬ್ಬನೂ ಮೀಟರ್ ಹಿಡಿದು ತೋರಿಸಲಿ. ಹಸಿರು ಟಿಕ್ ನಂಬಬೇಡಿ.

ಮೂರೂ ಐವತ್ತಕ್ಕೆ ಹರೀಶ್ ಫೋನ್ ಮಾಡಿದರು.

"ಓದಿದೆ. ಒಳ್ಳೇದುಂಟು. ಆದ್ರೆ ಹಾರಿಸೋದು ಭಯದಿಂದ ಅಂತ ಬರೆದ್ರೆ ಮೇಲಿನವರು ನಗ್ತಾರೆ. ಆ ಭಾಗದಲ್ಲಿ ಹೇಳಿದ್ದು ಮಾಡದಿದ್ರೆ ಮನುಷ್ಯ ಸಾಯ್ತಾನೆ ಅಂತ ಗೊತ್ತಿದ್ದವರು ಒಬ್ಬರು ಹೇಳ್ಬೇಕು. ಸಾಕ್ಷಿ ಕಾಲಮ್ಮಿನಲ್ಲಿ ಹೆಸರು ಬೇಕು ನನಗೆ. ಹತ್ತು ನಿಮಿಷ. ಇಲ್ಲಾಂದ್ರೆ ಕತ್ತರಿಸ್ತೇನೆ."

ಅಕ್ಷತಾ ಮನೋಜನ ಮುಖ ನೋಡಿದಳು. ಎರಡು ಮಕ್ಕಳ ಅಪ್ಪ. ಹೆಸರು ಕೊಟ್ಟರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಅವನು ಬಂದು ಕಟ್ಟೆಯ ಮೇಲೆ ಲ್ಯಾಪ್‌ಟಾಪಿನ ಪಕ್ಕ ಕೂತ. ತಗಡಿನ ಗೂಡಿನೊಳಗೆ, ಊಟದ ಹೊತ್ತು ಮುಗಿದು ಎರಡು ತಾಸಾಗಿದ್ದರೂ, ಪರದೆ ಇನ್ನೊಮ್ಮೆ ಬೆಳಗಿತು.

ಮೂರೂ ಐವತ್ತೊಂಬತ್ತಕ್ಕೆ ಸಾಕ್ಷಿಯ ಕಾಲಮ್ಮಿನಲ್ಲಿ ಒಂದು ಹೆಸರು ಬಿತ್ತು, ವರದಿ ಮತ್ತೆ ಹೋಯಿತು, ಮೂವತ್ತೊಂಬತ್ತು ಸೆಕೆಂಡು ಉಳಿಯಿತು. ಬದುಕಿದವನ ಹೆಸರೋ, ಸತ್ತವನದೋ. ಬರೆದದ್ದು ಅಕ್ಷತಾಳ ಬೆರಳೋ, ಮನೋಜನದೋ, ಇನ್ನೊಬ್ಬನದೋ? ಇಷ್ಟು ಹೊತ್ತು ಬಾಯಿ ಬಿಟ್ಟು ಕೇಳಿದಿರಲ್ಲ, ನೀವೇ ಹೇಳಿ ನೋಡೋಣ.