ನರ್ಸಮ್ಮನ ಹೆಲ್ಮೆಟ್ ತೊಳೆದದ್ದು

ಹೆಂಗಸರಿಗೆ ಸ್ಕೂಟರ್ ಕಲಿಸುವುದು ನನ್ನ ಹೊಟ್ಟೆಪಾಡು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಂಡ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಹಿಂದಿನ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವವಳು ನಾನು, ಅವನಲ್ಲ.

ಇಪ್ಪತ್ತು ದಿನದಿಂದ ನರ್ಸಮ್ಮನ ಹಿಂದೆ ಕೂತು, ಅವರ ಭುಜದ ಮೇಲಿಂದ ಕತ್ತು ಚಾಚಿ, "ಬ್ರೇಕು! ಬ್ರೇಕು!" ಎಂದು ಗಂಟಲು ಹರಿದುಕೊಂಡಿದ್ದೆ. ಅವರಿಗೆ ಐವತ್ತೆರಡು ವರ್ಷ. ವಾರ್ಡಿನಲ್ಲಿ ನಿಂತೂ ನಿಂತೂ ಮಂಡಿ ಸವೆದಿದೆ. ರೋಗಿಗಳ ಮನೆಗೇ ಹೋಗಿ ನೋಡುವ ಕೆಲಸ ಸಿಕ್ಕಿದೆ, ಆದರೆ ಸೋಮವಾರದೊಳಗೆ ಲೈಸೆನ್ಸ್ ತೋರಿಸಬೇಕು. ಇಲ್ಲದಿದ್ದರೆ ಮತ್ತೆ ವಾರ್ಡು, ಮತ್ತೆ ನಿಲ್ಲುವುದು. ಪರೀಕ್ಷೆಯಲ್ಲಿ ಕಾಲು ನೆಲಕ್ಕೆ ತಾಗಿಸದೆ ಎಂಟರ ಆಕಾರ ಸುತ್ತಬೇಕು. ಇವರು ಎರಡನೇ ತಿರುವಿನಲ್ಲಿ ಪ್ರತಿಸಲ ಕಾಲು ಊರುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕಿತ್ತು ಮಡಿಲಲ್ಲಿಟ್ಟುಕೊಂಡರು.

"ಮೇಡಂ, ತಪ್ಪು ತಿಳ್ಕೋಬೇಡಿ. ಈ ಬೆವರು ವಾಸನೆಗೆ ತಲೆ ತಿರುಗುತ್ತೆ. ತಿರುವು ಬಂದ ತಕ್ಷಣ ಹೊಟ್ಟೆ ತೊಳೆಸುತ್ತೆ. ನನ್ನ ಕೈಲಿ ಆಗಲ್ಲ, ನಾಳೆ ಬರಲ್ಲ."

ಮೈಯೆಲ್ಲ ಉರಿದುಹೋಯಿತು. ಮೂಸಿ ನೋಡಿದೆ. ಅಯ್ಯಯ್ಯೋ! ಎಷ್ಟು ಜನರ ತಲೆಯ ಬೆವರೋ ಏನೋ. ಕಲಿಯಲು ಬಂದವರೆಲ್ಲ ಹಾಕಿಕೊಳ್ಳುವುದು ಅದನ್ನೇ.

"ನಾಳೆ ಬನ್ನಿ, ವಾಸನೆ ಇದ್ರೆ ಕೇಳಿ," ಎಂದೆ.

ಮನೆಯಲ್ಲಿ ಹೆಲ್ಮೆಟ್ಟಿನ ಗುಂಡಿ ಬಿಡಿಸಿ ಕೆನ್ನೆಯ ಎರಡು ಮೆತ್ತೆ, ನೆತ್ತಿಯ ಒಳ ಅಸ್ತರು ತೆಗೆದೆ. ಮೆಕ್ಯಾನಿಕ್ ಗಂಡ ಬಾಟಲಿ ಹಿಡಿದು ಬಂದ. "ಪೆಟ್ರೋಲ್‌ನಲ್ಲಿ ಒಂದು ಸಲ ಒರೆಸ್ತೀನಿ ಕಣೇ. ವಾಸನೆ ಎದ್ದುಬಿದ್ದು ಓಡುತ್ತೆ."

"ಒಳಗಿರೋದು ಥರ್ಮಾಕೋಲ್ ರೀ! ಪೆಟ್ರೋಲ್ ತಾಗಿದ್ರೆ ಕರಗಿ ಗುಂಡಿ ಬೀಳುತ್ತೆ. ಬಿದ್ದಾಗ ತಲೆ ಉಳಿಸೋದೇ ಅದು. ಇಡ್ರೀ ಬಾಟ್ಲಿ!"

ಬಾಟಲಿ ಇಟ್ಟ.

ಉಗುರುಬೆಚ್ಚಗಿನ ನೀರಿಗೆ ಒಂದಿಷ್ಟು ಮಕ್ಕಳ ಶ್ಯಾಂಪೂ ಹಾಕಿ, ಮೆತ್ತೆಗಳನ್ನು ಅರ್ಧ ಗಂಟೆ ನೆನೆಸಿ, ಅಂಗೈಯಿಂದ ಒತ್ತಿ ಒತ್ತಿ ತೊಳೆದೆ. ಬಂದ ನೀರು ಚಹಾದ ಬಣ್ಣ. ನೊರೆ ಬರುವುದು ನಿಲ್ಲುವವರೆಗೆ ಐದು ಸಲ ನೀರು ಬದಲಿಸಿದೆ. ಹಿಂಡಲಿಲ್ಲ, ಹಿಂಡಿದರೆ ಫೋಮು ಹರಿಯುತ್ತದೆ. ಒಣ ಟವೆಲಿನ ನಡುವೆ ಇಟ್ಟು ಅದುಮಿ, ಫ್ಯಾನಿನ ಕೆಳಗೆ ಹರಡಿದೆ. ಚಿಪ್ಪಿನ ಒಳಗನ್ನೂ ಗಲ್ಲದ ಪಟ್ಟಿಯನ್ನೂ ಶ್ಯಾಂಪೂ ನೀರಿನ ಬಟ್ಟೆಯಿಂದ, ಆಮೇಲೆ ಬರೀ ಒದ್ದೆ ಬಟ್ಟೆಯಿಂದ ಒರೆಸಿದೆ.

ಆಮೇಲೆ ಶುರುವಾಯಿತು ನೋಡಿ ನನ್ನ ಒದ್ದಾಟ. ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ. ಹತ್ತು ನಿಮಿಷಕ್ಕೊಮ್ಮೆ ಹೋಗಿ ಒತ್ತಿ ನೋಡುವುದು, ಮೂಸುವುದು, ಮಗುಚಿ ಹಾಕುವುದು. ಮೇಲೆ ಒಣಗಿದಂತಿದ್ದರೂ ಒಳಗೆ ತಣ್ಣಗೆ. ಹಸಿಯಾಗಿ ಹಾಕಿದರೆ ಮುಗ್ಗಲು ವಾಸನೆ ಬೇರೆ. ಕೂದಲು ಒಣಗಿಸುವ ಯಂತ್ರವನ್ನು ಎರಡು ಸಲ ಕೈಗೆತ್ತಿಕೊಂಡೆ. ಬಿಸಿಗೆ ಅಂಟು ಬಿಟ್ಟು ಮೆತ್ತೆ ಸೊಟ್ಟಗಾದರೆ ನರ್ಸಮ್ಮನ ಕಥೆ ಮುಗಿದಂತೆಯೇ ಎಂದು ಇಟ್ಟುಬಿಟ್ಟೆ.

"ಹೆರಿಗೆ ಕೋಣೆ ಮುಂದೆ ತಿರುಗಾಡೋ ಗಂಡಸಿನ ಹಾಗೆ ಆಡ್ತೀಯಲ್ಲೇ," ಎಂದ ಗಂಡ. ಸಿಟ್ಟು ಬಂತು, ನಗುವೂ ಬಂತು.

ಬೆಳಗ್ಗೆ ಮೆತ್ತೆಗಳು ಗರಿಗರಿಯಾಗಿ ಒಣಗಿದ್ದವು. ಗುಂಡಿ ಒತ್ತಿ ಕೂರಿಸಿದೆ. ಮೈದಾನದಲ್ಲಿ ನರ್ಸಮ್ಮ ಹೆಲ್ಮೆಟ್ ಮೂಸಿ, "ಆಹಾ, ಈಗ ತಾನೇ ತಂದ ಹಾಗಿದೆ ಮೇಡಂ!" ಎಂದರು. ನಾನು ಉಬ್ಬಿಹೋದೆ.

ಪರೀಕ್ಷೆಗೆ ಇನ್ನೊಂದು ಗಂಟೆ. ಕೊನೆಯ ಸುತ್ತಿನ ಅಭ್ಯಾಸಕ್ಕೆ ಹೊರಟೆವು. ಮೊದಲ ತಿರುವು ಸಲೀಸು. ಎರಡನೆಯದು ಬಂದದ್ದೇ ನಾನು ಎಂದಿನಂತೆ ಮುಂದಕ್ಕೆ ಬಾಗಿದೆ.

ಕಾಲು ಊರಿದರು.

"ಮತ್ತೆ ಅದೇ ವಾಸನೆ ಮೇಡಂ," ಎಂದರು. ಅಳುವ ದನಿ. "ಹಾಕ್ಕೊಂಡಾಗ ಇರ್ಲಿಲ್ಲ. ಈಗ ನೀವು ಬಾಗಿದ್ರಲ್ಲ, ಆವಾಗ ಬಂತು."

ನಾನು ನನ್ನ ಹೆಲ್ಮೆಟ್ ತೆಗೆದು ಒಳಗೆ ಮೂಗಿಟ್ಟೆ. ಆರು ವರ್ಷದ ನನ್ನದೇ ಬೆವರು. ಒಂದು ದಿನವೂ ತೊಳೆದಿರಲಿಲ್ಲ. ನನಗೆ ಅದು ಗೊತ್ತೇ ಆಗಿರಲಿಲ್ಲ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇಳೀತೀನಿ," ಎಂದೆ. "ನೀವೊಬ್ಬರೇ ಹೋಗಿ."

"ಅಯ್ಯೋ, ನೀವಿಲ್ದೆ ಒಂದು ದಿನನೂ ಹೋಗಿಲ್ಲ!"

"ಪರೀಕ್ಷೆಗೆ ನಾನು ಹಿಂದೆ ಕೂರಕ್ಕಾಗುತ್ತಾ? ಹೋಗಿ ಅಂದ್ನಲ್ಲ."

ಹೋದರು. ಮೊದಲ ತಿರುವು. ಎರಡನೆಯದು. "ಬ್ರೇಕು" ಎನ್ನಲು ಬಾಯಿ ತೆರೆದೆ, ಕೈಯಿಂದ ಬಾಯಿ ಮುಚ್ಚಿಕೊಂಡೆ. ಕಾಲು ತಾಗಲಿಲ್ಲ. ಎಂಟರ ಆಕಾರವನ್ನು ಇನ್ನೊಮ್ಮೆ ಸುತ್ತಿದರು, ಮತ್ತೊಮ್ಮೆ. ಗಾಬರಿಯಿಲ್ಲ, ತಡವರಿಕೆಯಿಲ್ಲ. ಇಪ್ಪತ್ತು ದಿನ ಅವರಿಗೆ ಅಡ್ಡವಾಗಿದ್ದವಳು ನಾನೇ, ಕಿರುಚಾಟ ಸಮೇತ. ಕಣ್ಣು ತುಂಬಿ ಬಂತು.

ಹನ್ನೊಂದು ಗಂಟೆಗೆ ಪರೀಕ್ಷೆಯ ಅಂಗಳದಿಂದ ನರ್ಸಮ್ಮ ಕುಂಟುತ್ತಲೇ ಓಡಿಬಂದು, "ಪಾಸಾದೆ ಮೇಡಂ!" ಎಂದು ತಬ್ಬಿಕೊಳ್ಳಲು ಕೈ ಚಾಚಿದರು.

ನಾನು ಹೆಲ್ಮೆಟ್ಟನ್ನು ಬೆನ್ನ ಹಿಂದೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದೆ.